ಹೊಗಳಿದ್ದಾ, ಚುಚ್ಚಿದ್ದಾ? ಇಷ್ಟವಾ, ಆಟವಾ?

ಓದುಗರ ಪ್ರಶ್ನೆ: ನನಗೆ 26 ವರ್ಷ. ಊರು ಹಾಸನದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಆಫೀಸಿನ ಬೇರೆ ಟೀಮಿನ ಹುಡುಗನೊಬ್ಬ ಎರಡು ತಿಂಗಳಿಂದ ಮಾತಾಡಿಸುತ್ತಿದ್ದಾನೆ. ಒಂದು ವಾರ ರಾತ್ರಿ ಒಂದು ಗಂಟೆ ತನಕ ಮೆಸೇಜ್ ಮಾಡ್ತಾನೆ, ಆಮೇಲೆ ನಾಲ್ಕೈದು ದಿನ ಪತ್ತೆಯೇ ಇರಲ್ಲ. ಎಥ್ನಿಕ್ ಡೇ ದಿನ ಹಳದಿ ಸೀರೆ ಉಟ್ಟಿದ್ದೆ. 'ನಿನ್ನ ಬಣ್ಣಕ್ಕೆ ಹಳದಿ ಒಪ್ಪಲ್ಲ ಅಂದ್ಕೊಂಡಿದ್ದೆ, ಪರವಾಗಿಲ್ಲ, ಚೆನ್ನಾಗೇ ಕಾಣ್ತಿದ್ದೀಯ' ಅಂದ. ಖುಷಿ ಪಡಬೇಕಾ, ಬೇಜಾರು ಮಾಡ್ಕೋಬೇಕಾ ಗೊತ್ತಾಗಲಿಲ್ಲ. ಅವನಿಗೆ ನಿಜವಾಗಿ ನನ್ನ ಮೇಲೆ ಇಷ್ಟ ಇದೆಯಾ, ಸುಮ್ನೆ ಆಟ ಆಡ್ತಿದ್ದಾನಾ?

ಮೊದಲು ಆ ಸೀರೆಯ ಮಾತನ್ನೇ ತೆಗೆದುಕೊಳ್ಳೋಣ. ಅವನು ಸೀರೆ ಹೊಗಳಿದ ಅಂತ ಮೇಲ್ನೋಟಕ್ಕೆ ಅನಿಸುತ್ತದೆ. ಆದರೆ ಆ ಮಾತು ಕೇಳಿ ನೀವು ಮನೆಗೆ ಹೋದಾಗ ತಲೆಯಲ್ಲಿ ಉಳಿದದ್ದು ಸೀರೆಯಲ್ಲ, ನಿಮ್ಮ ಬಣ್ಣ. ಅಲ್ವಾ? 'ಹಳದಿ ಸೀರೆ ನಿನಗೆ ಚೆನ್ನಾಗಿ ಒಪ್ಪುತ್ತೆ' ಅನ್ನುವುದು ಐದೇ ಪದ. ಅಷ್ಟು ಹೇಳಬಹುದಿತ್ತು. ಬಣ್ಣವನ್ನು ಎಳೆದು ತರುವ ಅಗತ್ಯವೇ ಇರಲಿಲ್ಲ.

ಇಷ್ಟಪಡುವವರೂ ಕೀಟಲೆ ಮಾಡುತ್ತಾರೆ. ನಮ್ಮಲ್ಲಂತೂ ರೇಗಿಸದೆ ಪ್ರೀತಿಯೇ ಶುರುವಾಗಲ್ಲ. ಹಾಗಾಗಿ ಎಲ್ಲ ತುಂಟ ಮಾತನ್ನೂ ಅನುಮಾನದಿಂದ ನೋಡಿ ಅಂತ ನಾನು ಹೇಳಲ್ಲ. ರೇಗಿಸುವುದಕ್ಕೂ ಚುಚ್ಚುವುದಕ್ಕೂ ಇರುವ ವ್ಯತ್ಯಾಸ ಬೇರೆ ಕಡೆ ಸಿಗುತ್ತದೆ. ಕಾಫಿಗೆ ನಾಲ್ಕು ಚಮಚ ಸಕ್ಕರೆ ಹಾಕಿಕೊಳ್ಳುತ್ತೀರಿ, ದಿನಾ ಕ್ಯಾಬ್ ಮಿಸ್ ಮಾಡಿಕೊಳ್ಳುತ್ತೀರಿ, ಅದನ್ನು ಹಿಡಿದು ಯಾರಾದರೂ ರೇಗಿಸಿದರೆ ನೀವೂ ತಿರುಗಿ ಏನೋ ಹೇಳಿ ನಗುತ್ತೀರಿ. ಬಣ್ಣ, ದಪ್ಪ, ಎತ್ತರ, ಹಳ್ಳಿಯ ಮಾತು, ಇಂಗ್ಲಿಷ್ ಹಾಗಲ್ಲ. ಚಿಕ್ಕವರಿದ್ದಾಗಿನಿಂದ ಮದುವೆಮನೆಗಳಲ್ಲಿ ನೆಂಟರ ಬಾಯಲ್ಲಿ ಕೇಳಿ ಕೇಳಿ ಗಾಯವಾಗಿರುವ ಜಾಗಗಳವು. 'ಹಳ್ಳಿಯವಳಾದ್ರೂ ಇಂಗ್ಲಿಷ್ ಪರವಾಗಿಲ್ಲ' ಅಂದರೆ ತಿರುಗಿ ಏನು ಹೇಳುತ್ತೀರಿ? ಏನೂ ತೋಚಲ್ಲ. ಮುಂದಿನ ಮೀಟಿಂಗಿನಲ್ಲಿ ಮಾತಾಡುವಾಗ ಅವನ ಮುಖ ನೋಡುತ್ತೀರಿ, ಅಷ್ಟೇ. ಕೀಟಲೆ ಆದಮೇಲೆ ನೀವು ಹಗುರಾಗುತ್ತೀರಿ, ಚುಚ್ಚುಮಾತು ಆದಮೇಲೆ ಅವನ ಒಪ್ಪಿಗೆಗೆ ಕಾಯುತ್ತೀರಿ.

ಆ ಕಾಯುವಿಕೆ ಕೆಲವರಿಗೆ ಬೇಕಾಗಿಯೇ ಇರುತ್ತದೆ. ಅಮೆರಿಕದಲ್ಲಿ ಹುಡುಗಿಯರನ್ನು ಒಲಿಸಿಕೊಳ್ಳುವುದನ್ನು ದುಡ್ಡು ತೆಗೆದುಕೊಂಡು ಗಂಡಸರಿಗೆ ಹೇಳಿಕೊಡುವವರಿದ್ದಾರೆ. ಅವರು ಹೀಗೆ ಚುಚ್ಚುವುದನ್ನು ಒಂದು ತಂತ್ರ ಅಂತಲೇ ಕಲಿಸಿದರು, ಅದಕ್ಕೆ ನೆಗ್ಗಿಂಗ್ ಅಂತ ಹೆಸರು. ಅದು ಯಾಕೆ ಕೆಲಸ ಮಾಡಬಹುದು ಅನ್ನುವುದಕ್ಕೆ ಒಂದು ಹಳೇ ಪ್ರಯೋಗ ಸುಳಿವು ಕೊಡುತ್ತದೆ. 1965ರಲ್ಲಿ ಎಲಿಯಟ್ ಆರನ್ಸನ್ ಮತ್ತು ಡಾರ್ವಿನ್ ಲಿಂಡರ್ ಅನ್ನುವ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗಿಯರಿಗೆ, ಇನ್ನೊಬ್ಬಳು ತಮ್ಮ ಬಗ್ಗೆ ಏನು ಹೇಳುತ್ತಾಳೆ ಅಂತ ಕೇಳಿಸಿಕೊಳ್ಳುವ ಹಾಗೆ ಏರ್ಪಾಡು ಮಾಡಿದರು. ಶುರುವಿನಿಂದ ಹೊಗಳುತ್ತಲೇ ಇದ್ದವಳಿಗಿಂತ, ಮೊದಲು ತೆಗಳಿ ಆಮೇಲೆ ನಿಧಾನಕ್ಕೆ ಹೊಗಳಿದವಳೇ ಜಾಸ್ತಿ ಇಷ್ಟವಾದಳು. ಕಷ್ಟಪಟ್ಟು ಗಳಿಸಿದ ಹೊಗಳಿಕೆಗೆ ರುಚಿ ಜಾಸ್ತಿ. ಮೊದಲು ಒಂದು ಚುಚ್ಚು, ಆಮೇಲೆ ಒಂದು ಚೂರು ಹೊಗಳಿಕೆ ಅನ್ನುವವನು ಆ ರುಚಿಯನ್ನೇ ಅಡ್ಡದಾರಿಯಲ್ಲಿ ಬಳಸಿಕೊಳ್ಳುತ್ತಾನೆ.

ಈಗ ನಾಲ್ಕೈದು ದಿನ ಪತ್ತೆ ಇಲ್ಲದಿರುವ ವಿಷಯ. ನನ್ನ ಪ್ರಕಾರ ಇದೇ ಜಾಸ್ತಿ ಕಾಡುವಂಥದ್ದು.

ಯಾರಾದರೂ ಹಿಂದೆ ಬಿದ್ದರೆ 'ಕಾಳು ಹಾಕ್ತಿದ್ದಾನೆ' ಅಂತೀವಲ್ಲ, ಆ ಮಾತಿಗೆ ಸರಿಯಾಗಿ ಬಿ. ಎಫ್. ಸ್ಕಿನ್ನರ್ ಅನ್ನುವ ವಿಜ್ಞಾನಿ ನಿಜವಾಗಿಯೂ ಪಾರಿವಾಳಗಳಿಗೆ ಕಾಳು ಹಾಕಿ ಪರೀಕ್ಷೆ ಮಾಡಿದ್ದ. ಪೆಟ್ಟಿಗೆಯೊಳಗೆ ಒಂದು ಬಿಲ್ಲೆ, ಅದನ್ನು ಕುಕ್ಕಿದರೆ ಕಾಳು ಬರುತ್ತದೆ. ಪ್ರತಿ ಸಲ ಕಾಳು ಸಿಕ್ಕ ಪಾರಿವಾಳ, ಕಾಳು ನಿಂತಮೇಲೆ ಸ್ವಲ್ಪ ಹೊತ್ತು ಕುಕ್ಕಿ ಬಿಟ್ಟುಬಿಡುತ್ತದೆ. ಆದರೆ ಒಮ್ಮೆ ಮೂರು ಸಲ ಕುಕ್ಕಿದರೆ, ಇನ್ನೊಮ್ಮೆ ಮೂವತ್ತು ಸಲ ಕುಕ್ಕಿದರೆ, ಯಾವಾಗ ಬರುತ್ತೆ ಅಂತ ಗೊತ್ತೇ ಆಗದ ಹಾಗೆ ಕಾಳು ಸಿಕ್ಕ ಪಾರಿವಾಳ ಕಾಳು ಪೂರ್ತಿ ನಿಂತರೂ ಕುಕ್ಕುತ್ತಲೇ ಇರುತ್ತದೆ, ತುಂಬಾ ಹೊತ್ತು. ಮನುಷ್ಯರು ಪಾರಿವಾಳ ಅಲ್ಲ, ನಿಜ. ಆದರೂ ರಾತ್ರಿ ಹನ್ನೊಂದಕ್ಕೆ ಒಂದು ಸಲ, ಹನ್ನೊಂದೂ ಕಾಲಿಗೆ ಇನ್ನೊಂದು ಸಲ ಅವನ ಲಾಸ್ಟ್ ಸೀನ್ ನೋಡುವುದಿದೆಯಲ್ಲ, ಅದು ಬಹಳ ಹತ್ತಿರದ ವಿಷಯ. ಹಾಗಾಗಿ 'ಅವನ ಬಗ್ಗೆ ಇಷ್ಟೊಂದು ಯೋಚಿಸ್ತೀನಿ ಅಂದ್ರೆ ಇದು ಪ್ರೀತಿನೇ ಇರಬೇಕು' ಅಂತ ತೀರ್ಮಾನ ಮಾಡಬೇಡಿ. ಕಾದು ಕಾದು ಹುಟ್ಟಿದ ಚಡಪಡಿಕೆಯೂ ಪ್ರೀತಿಯ ಹಾಗೇ ಕಾಣುತ್ತದೆ.

ಹಾಗಂತ ದಿನಗಟ್ಟಲೆ ಮಾತಾಡದವರೆಲ್ಲ ಆಟ ಆಡುವವರಲ್ಲ. ರಿಲೀಸ್ ಇರಬಹುದು, ಮನೆಯಲ್ಲಿ ಹುಷಾರಿಲ್ಲದವರು ಇರಬಹುದು, ಹುಡುಗನೇ ನಾಚಿಕೆಯವನಿರಬಹುದು. ಇದನ್ನು ಬಿಡಿಸಿ ನೋಡಲು ಮೂರು ವಾರ ಒಂದು ಸಣ್ಣ ಲೆಕ್ಕ ಇಡಿ. ಅವನು ದೂರವಾದ ದಿನ ಬರೆದಿಡಿ, ಅದರ ಹಿಂದಿನ ದಿನ ಏನಾಗಿತ್ತು ಬರೆಯಿರಿ. ವಾಪಸ್ ಬಂದ ದಿನ ಬರೆಯಿರಿ, ಅದಕ್ಕೆ ಮುಂಚೆ ನೀವು ಏನು ಮಾಡಿದ್ದಿರಿ ಬರೆಯಿರಿ.

ಉದಾಹರಣೆಗೆ, ಲೆಕ್ಕ ಹೀಗೆ ಬರಬಹುದು. ಭಾನುವಾರ ನೀವು 'ನಿನ್ನ ಜೊತೆ ಮಾತಾಡಿದ್ರೆ ಮನಸ್ಸಿಗೆ ಹಾಯಾಗುತ್ತೆ' ಅಂದಿರಿ. ಸೋಮವಾರದಿಂದ ಅವನು ಮೌನ, ಆದರೆ ಸ್ಟೇಟಸ್ ಮಾತ್ರ ದಿನಾ ಬದಲಾಗುತ್ತಿದೆ. ಗುರುವಾರ ನೀವೂ ಮೆಸೇಜ್ ನಿಲ್ಲಿಸಿದಿರಿ. ಶನಿವಾರ ಗೆಳತಿಯರ ಜೊತೆ ನಂದಿಬೆಟ್ಟದ ಫೋಟೋ ಹಾಕಿದಿರಿ, ಒಂದು ಗಂಟೆಯೊಳಗೆ 'ಏನಮ್ಮಾ, ನನ್ನ ಮರೆತೇ ಬಿಟ್ಯಾ?' ಅಂತ ಬಂತು. ಎಲ್ಲಿ ಹೋಗಿದ್ದೆ ಅನ್ನುವುದರ ಸುದ್ದಿಯೇ ಇಲ್ಲ, ತಪ್ಪು ನಿಮ್ಮದೇ ಅನ್ನುವ ಹಾಗೆ. ಇದು ಒಂದು ಸಲ ಆದರೆ ಬಿಡಿ. ಎರಡು, ಮೂರು ಸಲ ನೀವು ಹತ್ತಿರ ಬಂದಾಗಲೇ ಅವನು ತಣ್ಣಗಾಗಿ, ನೀವು ಕೈಬಿಟ್ಟಾಗಲೇ ಬಿಸಿಯಾದರೆ, ಅದಕ್ಕೂ ಅವನ ಕೆಲಸದ ಒತ್ತಡಕ್ಕೂ ಸಂಬಂಧ ಇಲ್ಲ. ಕೆಲಸದ ಒತ್ತಡಕ್ಕೆ ನಿಮ್ಮ ಫೋಟೋ ಯಾವಾಗ ಬರುತ್ತೆ ಅಂತ ಗೊತ್ತಿರಲ್ಲ. ಬೇಕಂತಲೇ ಮಾಡುತ್ತಾನೋ, ಹತ್ತಿರವಾದರೆ ಅವನಿಗೇ ಭಯವಾಗುತ್ತೋ, ಅದನ್ನು ಈ ಲೆಕ್ಕ ಹೇಳುವುದಿಲ್ಲ. ಆದರೆ ಎರಡರಲ್ಲೂ ನಿದ್ದೆ ಕೆಡುವುದು ನಿಮ್ಮದೇ.

ನಿಜವಾಗಿ ಬ್ಯುಸಿ ಇದ್ದವನ ಲೆಕ್ಕ ಬೇರೆ ಥರ ಇರುತ್ತದೆ. 'ಈ ವಾರ ಸಿಗಲ್ಲ, ಶನಿವಾರ ಮಾತಾಡೋಣ' ಅಂತ ಮೊದಲೇ ಹೇಳುತ್ತಾನೆ. ಮರೆತರೂ ಬಂದಮೇಲೆ ತಾನಾಗಿಯೇ ಕಾರಣ ಹೇಳುತ್ತಾನೆ. ಮುಖ್ಯವಾಗಿ, ನೀವು ಬಾಯಿಬಿಟ್ಟು ಇಷ್ಟ ಅಂದ ದಿನ ಅವನ ಮುಖ ಅರಳುತ್ತದೆ.

ಇನ್ನೊಂದು ದಾರಿ ಇದೆ, ಇದಕ್ಕೆ ಮೂರು ವಾರ ಬೇಡ. ಜಗಳದ ದನಿ ಇಲ್ಲದೆ ನೇರವಾಗಿ ಹೇಳಿ: 'ಅವತ್ತು ಬಣ್ಣದ ಬಗ್ಗೆ ಹೇಳಿದ್ದು ನನಗೆ ಬೇಜಾರಾಯ್ತು.' ಬಾಯಿತಪ್ಪಿ ಹೇಳಿದವನು ಪೆಚ್ಚಾಗುತ್ತಾನೆ, ಸಾರಿ ಅಂತಾನೆ, ಮತ್ತೆ ಆ ಮಾತು ಎತ್ತಲ್ಲ. ಆಟ ಆಡುವವನು 'ತಮಾಷೆ ಕಣೇ, ಇಷ್ಟಕ್ಕೆಲ್ಲ ಸೀರಿಯಸ್ ಆಗ್ತೀಯಾ' ಅಂತಾನೆ, ಅಂದರೆ ನೋವು ಮಾಡಿದ್ದರ ಜೊತೆಗೆ ನೋವಾಗಿದ್ದೂ ನಿಮ್ಮದೇ ತಪ್ಪಾಗುತ್ತದೆ. ಕೆಲವರು ಇನ್ನೂ ಜಾಣರು. ಚೆಂದಕ್ಕೆ ಸಾರಿ ಕೇಳಿ, ಹತ್ತು ದಿನಕ್ಕೆ ಬೇರೆ ಜಾಗದಲ್ಲಿ ಚುಚ್ಚುತ್ತಾರೆ, ಈ ಸಲ ಬಣ್ಣದ ಬದಲು ಇಂಗ್ಲಿಷ್. ಹಾಗಾಗಿ ಸಾರಿ ಕೇಳಿದ ದಿನಕ್ಕಿಂತ ಆಮೇಲಿನ ತಿಂಗಳನ್ನು ಗಮನಿಸಿ.

ನೀವಿಬ್ಬರೂ ಒಂದೇ ಆಫೀಸಿನಲ್ಲಿ ಇರುವುದರಿಂದ ಇದನ್ನೂ ಹೇಳಿಬಿಡುತ್ತೇನೆ. ನೀವು 'ಸಾಕು, ಇನ್ನು ಬೇಡ' ಅಂದಮೇಲೂ ಅವನು ಮೈಬಣ್ಣ, ಮೈಕಟ್ಟಿನ ಮಾತು ಆಡುತ್ತಾ ಹಿಂದೆ ಬಿದ್ದರೆ ಅದು ಕಾಳು ಹಾಕುವುದಲ್ಲ, ಕಿರುಕುಳ. ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನ ಪ್ರಕಾರ ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು. ಅಲ್ಲಿಗೆ ದೂರನ್ನು ಸಾಮಾನ್ಯವಾಗಿ ಘಟನೆ ನಡೆದ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಆದ್ದರಿಂದ ಅವನ ಮೆಸೇಜುಗಳನ್ನು ಸಿಟ್ಟಿನಲ್ಲಿ ಡಿಲೀಟ್ ಮಾಡಬೇಡಿ, ತಾರೀಖು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.