ಹಲ್ಪ್ ಡ್ರೈ ಎಂದರೆ ಎರಡೂವರೆ: ಜರ್ಮನ್ ಗಡಿಯಾರ, ದಿನಾಂಕ ಮತ್ತು ಕ್ರಮಸಂಖ್ಯೆ

ಎ1 ಹಂತದ ಕೇಳುವ ಅಭ್ಯಾಸಗಳಲ್ಲಿ ಸಮಯ ಮತ್ತು ದಿನಾಂಕ ಮತ್ತೆ ಮತ್ತೆ ಬರುತ್ತವೆ. ಒಂದರಿಂದ ನೂರರವರೆಗೆ ಎಣಿಸಲು ನಿಮಗೆ ಬರುತ್ತದೆ ಎಂದುಕೊಂಡು ಈ ಟಿಪ್ಪಣಿ ಬರೆದಿದ್ದೇನೆ. ಇದರಲ್ಲಿ ಅರ್ಧ ಗಂಟೆಗೇ ಹೆಚ್ಚು ಜಾಗ ಹೋಗಿದೆ, ಏಕೆಂದರೆ ನನಗೆ ತಲೆಗೆ ಹತ್ತದೆ ಸತಾಯಿಸಿದ್ದು ಅದೇ.

ಮೊದಲು ಸುಲಭದ ದಾರಿ. ರೈಲು ನಿಲ್ದಾಣದಲ್ಲಿ, ಆಕಾಶವಾಣಿಯ ಸುದ್ದಿಯಲ್ಲಿ 24 ಗಂಟೆಗಳ ಲೆಕ್ಕ ನಡೆಯುತ್ತದೆ. 14:30 ಅನ್ನು ಬರೆದ ಕ್ರಮದಲ್ಲೇ ಓದಬೇಕು: ಫಿರ್‌ತ್ಸೇನ್ ಊಅರ್ ಡ್ರೈಸಿಶ್. ಗಂಟೆ, ನಡುವೆ 'ಊಅರ್', ಕೊನೆಗೆ ನಿಮಿಷ. ಇಲ್ಲಿ ಗೊಂದಲಕ್ಕೆ ಆಸ್ಪದವಿಲ್ಲ.

ಮಾತಿನಲ್ಲಿ ಮಾತ್ರ ಅದೇ ಹೊತ್ತು 'ಹಲ್ಪ್ ಡ್ರೈ' ಆಗುತ್ತದೆ. ಹಲ್ಪ್ ಎಂದರೆ ಅರ್ಧ, ಡ್ರೈ ಎಂದರೆ ಮೂರು. ಕನ್ನಡದ ಕಿವಿಗೆ ಅದು ಮೂರೂವರೆ. ನಿಜದಲ್ಲಿ ಅದು ಎರಡೂವರೆ.

ಇದು ಹೇಗೆ? ನಾವು ಮುಗಿದ ಗಂಟೆಯನ್ನು ಹೇಳಿ ಅದರ ಮೇಲೆ ಅರ್ಧ ಸೇರಿಸುತ್ತೇವೆ: ಎರಡು ಮುಗಿದು ಅರೆ, ಎರಡೂವರೆ. ಜರ್ಮನ್ನರು ಈಗ ನಡೆಯುತ್ತಿರುವ ಗಂಟೆಯನ್ನು ಹೇಳುತ್ತಾರೆ. ಎರಡರಿಂದ ಮೂರರವರೆಗಿನ ಅವಧಿ ಮೂರನೆಯ ಗಂಟೆ. ಅದರಲ್ಲಿ ಅರ್ಧ ಕಳೆದಿದೆ, ಆದ್ದರಿಂದ ಹಲ್ಪ್ ಡ್ರೈ. ನಮಗೂ ಈ ಯೋಚನೆ ಹೊಸದಲ್ಲ. ಎರಡು ವರ್ಷ ತುಂಬಿದ ಮಗುವಿನ ವಯಸ್ಸು ಕೇಳಿದರೆ ಅಜ್ಜಿ 'ಮೂರು ನಡೆಯುತ್ತಿದೆ' ಎನ್ನುತ್ತಾರಲ್ಲ, ಹಾಗೆಯೇ. ಹಲ್ಪ್ ಕಿವಿಗೆ ಬಿದ್ದ ಕೂಡಲೇ 'ನಡೆಯುತ್ತಿದೆ' ಎಂದು ಮನಸ್ಸಿನಲ್ಲಿ ಹೇಳಿಕೊಂಡರೆ ಗಂಟೆ ತಾನಾಗಿ ಒಂದು ಹಿಂದೆ ಸರಿಯುತ್ತದೆ. ಹಲ್ಪ್ ಅಖ್ಟ್: ಎಂಟು ನಡೆಯುತ್ತಿದೆ, ಅಂದರೆ ಏಳೂವರೆ. ಹಲ್ಪ್ ಐನ್ಸ್: ಒಂದು ನಡೆಯುತ್ತಿದೆ, ಅಂದರೆ ಹನ್ನೆರಡೂವರೆ.

ಹಲ್ಪ್ ಜೊತೆಗೆ ಹನ್ನೆರಡಕ್ಕಿಂತ ದೊಡ್ಡ ಸಂಖ್ಯೆ ಬರುವುದಿಲ್ಲ. ಮಧ್ಯಾಹ್ನ ಎರಡೂವರೆಯನ್ನು ಯಾರೂ 'ಹಲ್ಪ್ ಫ್ಯುನ್ಫ್‌ತ್ಸೇನ್' ಎನ್ನುವುದಿಲ್ಲ. ನಂತರ 'ಊಅರ್' ಸೇರಿಸುವ ರೂಢಿಯೂ ಇಲ್ಲ. 24 ಗಂಟೆಗಳ ಲೆಕ್ಕ ಮತ್ತು ಹಲ್ಪ್, ಇವೆರಡನ್ನೂ ಬೆರೆಸಬಾರದು ಎಂದು ನೆನಪಿಟ್ಟುಕೊಂಡರೆ ಸಾಕು.

ಇನ್ನು ಅರ್ಧದ ಅಕ್ಕಪಕ್ಕದ ನಿಮಿಷಗಳು. 'ನಾಖ್' ಎಂದರೆ ಕಳೆದ ಮೇಲೆ, 'ಫೋರ್' ಎಂದರೆ ಮೊದಲು. 2:10 ಎಂದರೆ ತ್ಸೇನ್ ನಾಖ್ ತ್ಸ್ವೈ, 2:50 ಎಂದರೆ ತ್ಸೇನ್ ಫೋರ್ ಡ್ರೈ, ಇಷ್ಟು ಸರಳ. ಆದರೆ 2:25 ಬಂದಾಗ ಅವರು ಎರಡನ್ನು ಬಿಟ್ಟು ಅರ್ಧವನ್ನೇ ಗೂಟ ಮಾಡಿಕೊಳ್ಳುತ್ತಾರೆ: ಫ್ಯುನ್ಫ್ ಫೋರ್ ಹಲ್ಪ್ ಡ್ರೈ, ಎಂದರೆ ಎರಡೂವರೆಗೆ ಐದು ನಿಮಿಷ ಮೊದಲು. 2:35 ಆದರೆ ಫ್ಯುನ್ಫ್ ನಾಖ್ ಹಲ್ಪ್ ಡ್ರೈ. 2:20 ಅನ್ನು ಕೆಲವರು ತ್ಸ್ವಾನ್‌ತ್ಸಿಶ್ ನಾಖ್ ತ್ಸ್ವೈ ಎಂದರೆ, ಇನ್ನು ಕೆಲವರು ತ್ಸೇನ್ ಫೋರ್ ಹಲ್ಪ್ ಡ್ರೈ ಎನ್ನುತ್ತಾರೆ.

ಇಂಥದ್ದನ್ನು ಬಿಡಿಸಲು ನಾನು ಹಿಂದಿನಿಂದ ಹೊರಡುತ್ತೇನೆ. ಮಾತು ಮುಗಿಯುವವರೆಗೆ ಕಾಯುತ್ತೇನೆ, ಏಕೆಂದರೆ ಗಂಟೆ ಇರುವುದು ಕೊನೆಯಲ್ಲಿ. ಅದರ ಹಿಂದೆ ಹಲ್ಪ್ ಇದ್ದರೆ ಮೊದಲು ಅರ್ಧ ಗಂಟೆಯನ್ನು ಗೊತ್ತುಮಾಡಿಕೊಳ್ಳುತ್ತೇನೆ: ಡ್ರೈ ಎಂದರೆ 2:30. ಆಮೇಲೆ ಫೋರ್ ಇದ್ದರೆ ಕಳೆಯುವುದು, ನಾಖ್ ಇದ್ದರೆ ಕೂಡಿಸುವುದು. ಕೇಳಿದ ಕ್ರಮದಲ್ಲೇ ಲೆಕ್ಕ ಹಾಕಲು ಹೊರಟರೆ 'ಐದು, ಮೊದಲು, ಅರ್ಧ, ಮೂರು' ಎಂಬ ನಾಲ್ಕು ತುಂಡುಗಳು ಕೈಯಲ್ಲಿ ಉಳಿಯುತ್ತವೆ, ಸಮಯ ಸಿಗುವುದಿಲ್ಲ.

ಕಾಲು ಗಂಟೆಯಲ್ಲಿ ಊರಿಂದ ಊರಿಗೆ ವ್ಯತ್ಯಾಸವಿದೆ. ಹ್ಯಾಂಬರ್ಗ್, ಕಲೋನ್ ಕಡೆ 2:15 ಎಂದರೆ ಫಿರ್ಟೆಲ್ ನಾಖ್ ತ್ಸ್ವೈ, 2:45 ಎಂದರೆ ಫಿರ್ಟೆಲ್ ಫೋರ್ ಡ್ರೈ. ಪಠ್ಯಪುಸ್ತಕಗಳು ಕಲಿಸುವುದೂ ಇದನ್ನೇ. ಆದರೆ ಲೈಪ್‌ಜಿಗ್, ಡ್ರೆಸ್ಡೆನ್ ಇರುವ ಪೂರ್ವದಲ್ಲಿ ಮತ್ತು ಸ್ಟುಟ್‌ಗಾರ್ಟ್ ಸುತ್ತಿನ ದಕ್ಷಿಣದಲ್ಲಿ 2:15ಕ್ಕೆ 'ಫಿರ್ಟೆಲ್ ಡ್ರೈ', 2:45ಕ್ಕೆ 'ಡ್ರೈಫಿರ್ಟೆಲ್ ಡ್ರೈ' ಎಂಬ ರೂಢಿಯೂ ಇದೆ. ಮೂರನೆಯ ಗಂಟೆಯ ಕಾಲು ಭಾಗ, ಮುಕ್ಕಾಲು ಭಾಗ ಎಂಬ ಲೆಕ್ಕ. ಹಲ್ಪ್ ಅರ್ಥವಾದವರಿಗೆ ಇದೂ ಅರ್ಥವಾಗುತ್ತದೆ. ನಿಜ ಹೇಳಬೇಕೆಂದರೆ ಇದೇ ಹೆಚ್ಚು ಸುಸಂಗತ ಎಂದು ನನ್ನ ಅಭಿಪ್ರಾಯ. ಕನ್ನಡಿಗರಿಗೆ ಇರುವ ಒಂದೇ ಅಪಾಯವೆಂದರೆ ನಮ್ಮಲ್ಲಿ 'ಮೂರೂ ಮುಕ್ಕಾಲು' ಎಂಬ ಮಾತು ಸಿದ್ಧವಾಗಿದೆ, ಆದ್ದರಿಂದ ಡ್ರೈಫಿರ್ಟೆಲ್ ಡ್ರೈ ಅನ್ನು ನಾಲಿಗೆ ಹಾಗೆಯೇ ಮೂರೂ ಮುಕ್ಕಾಲು ಮಾಡಿಬಿಡುತ್ತದೆ. ಹಾಗೆ ಮಾಡಿದವರು ಒಂದು ಗಂಟೆ ತಡವಾಗಿ ತಲುಪುತ್ತಾರೆ.

ದಿನಾಂಕಕ್ಕೆ ಬರೋಣ. ಇಲ್ಲಿ ಕ್ರಮಸಂಖ್ಯೆ ಬೇಕು. ನಾವು '3ನೇ' ಎಂದು ಬರೆಯುವಲ್ಲಿ ಅವರು '3.' ಎಂದು ಚುಕ್ಕೆ ಇಡುತ್ತಾರೆ, ಆ ಚುಕ್ಕೆಯೇ 'ನೇ'. ಹತ್ತೊಂಬತ್ತರವರೆಗೆ ಸಂಖ್ಯೆಗೆ 'ಟೆ', ಇಪ್ಪತ್ತರಿಂದ ಮುಂದೆ 'ಸ್ಟೆ' ಸೇರುತ್ತದೆ. ಏರ್ಸ್ಟೆ (1), ಡ್ರಿಟ್ಟೆ (3), ಝೀಪ್ಟೆ (7), ಅಖ್ಟೆ (8) ಮಾತ್ರ ಸ್ವಲ್ಪ ಬೇರೆ. ತಿಂಗಳಲ್ಲಿ 31ರ ಆಚೆಗೆ ದಿನವಿಲ್ಲವಾದ್ದರಿಂದ ಇಷ್ಟರಲ್ಲಿ ಕೆಲಸ ಮುಗಿಯುತ್ತದೆ.

ಗಮನ ಬೇಕಾದದ್ದು ಕೊನೆಯ ಅಕ್ಷರಕ್ಕೆ. 'ಇಂದು ಅಕ್ಟೋಬರ್ 3' ಎನ್ನಲು ಹೊಯ್ಟೆ ಇಸ್ಟ್ ಡೇರ್ ಡ್ರಿಟ್ಟೆ ಒಕ್ಟೋಬರ್. 'ಅಕ್ಟೋಬರ್ 3ರಂದು' ಎನ್ನಲು ಅಮ್ ಡ್ರಿಟ್ಟೆನ್ ಒಕ್ಟೋಬರ್. ನಮ್ಮ 'ರಂದು' ಬರುವ ಕಡೆ ಅವರಲ್ಲಿ ಮುಂದೆ 'ಅಮ್', ಹಿಂದೆ 'ನ್'. ತಿಂಗಳ ಹೆಸರನ್ನು ಬಿಟ್ಟು ಅದನ್ನೂ ಕ್ರಮಸಂಖ್ಯೆಯಾಗಿ ಹೇಳುವುದು ಸಾಮಾನ್ಯ: ಅಮ್ ಡ್ರಿಟ್ಟೆನ್ ತ್ಸೇನ್ಟೆನ್, ಮೂರನೆಯ ಹತ್ತನೆಯದರಂದು. ಜರ್ಮನಿ ಒಂದಾದ 3.10.1990 ಅನ್ನು ಪೂರ್ತಿ ಓದಿದರೆ ಅಮ್ ಡ್ರಿಟ್ಟೆನ್ ತ್ಸೇನ್ಟೆನ್ ನೊಯ್ನ್‌ತ್ಸೇನ್‌ಹುಂಡರ್ಟ್‌ನೊಯ್ನ್‌ತ್ಸಿಶ್. 'ಹತ್ತೊಂಬತ್ತು ನೂರ ತೊಂಬತ್ತು' ಎಂಬ ಈ ಎಣಿಕೆ ಹಿಂದಿನ ಶತಮಾನಗಳಿಗೆ. 2000ದಿಂದ ಈಚೆಗೆ ತ್ಸ್ವೈಟೌಸೆಂಟ್ ಎಂದು ಶುರುಮಾಡಬೇಕು. ಬರೀ ಇಸವಿಯ ಹಿಂದೆ ಯಾವ ಪದವೂ ಬೇಡ. '1990ರಲ್ಲಿ' ಎಂಬುದರ 'ಅಲ್ಲಿ'ಗಾಗಿ 'ಇನ್' ಹಾಕಿದರೆ ಅದು ಇಂಗ್ಲಿಷಿನ ನೆರಳು.

ಎಲ್ಲವನ್ನೂ ಒಟ್ಟಿಗೆ ನೋಡೋಣ. ವೈದ್ಯರ ಭೇಟಿಗಾಗಿ ದೂರವಾಣಿ ಮಾಡಿದ್ದೀರಿ, ಆ ಕಡೆಯಿಂದ ಈ ಉತ್ತರ ಬರುತ್ತದೆ: 'ಅಮ್ ಝೀಪ್‌ತ್ಸೇನ್ಟೆನ್ ಝೀಪ್ಟೆನ್ ಉಮ್ ಫ್ಯುನ್ಫ್ ಫೋರ್ ಹಲ್ಪ್ ನೊಯ್ನ್'. 'ಅಮ್' ದಿನಕ್ಕೆ, 'ಉಮ್' ಹೊತ್ತಿಗೆ. ಹೀಗೆ ವಾಕ್ಯ ಎರಡು ಭಾಗವಾಯಿತು. ಮೊದಲ ಭಾಗದಲ್ಲಿ ಹದಿನೇಳನೆಯದು, ಏಳನೆಯದು: ಜುಲೈ 17. ಎರಡನೆಯ ಭಾಗವನ್ನು ಹಿಂದಿನಿಂದ ಹಿಡಿಯಿರಿ: ಒಂಬತ್ತು ನಡೆಯುತ್ತಿದೆ, ಅರ್ಧ, ಹಾಗಾದರೆ ಎಂಟೂವರೆ; ಅದಕ್ಕೆ ಐದು ನಿಮಿಷ ಮೊದಲು, 8:25. ಫೋನ್ ಇಡುವ ಮುನ್ನ ಇದನ್ನೇ ನಿಲ್ದಾಣದ ಭಾಷೆಗೆ ತಿರುಗಿಸಿ ಕೇಳಿ: 'ಆಲ್ಸೋ ಅಖ್ಟ್ ಊಅರ್ ಫ್ಯುನ್ಫ್‌ಉಂಟ್‌ತ್ಸ್ವಾನ್‌ತ್ಸಿಶ್?' ಲೆಕ್ಕ ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ.