ನಾಯಿಯ ಉಣುಗಿನ ಔಷಧ ಬೆಕ್ಕಿಗೆ ಯಾಕೆ ವಿಷ? ಪರ್ಮೆಥ್ರಿನ್ ಬಗ್ಗೆ ಒಂದು ಟಿಪ್ಪಣಿ

ಪರ್ಮೆಥ್ರಿನ್ ಸೇರಿರುವ ಪೈರೆಥ್ರಾಯ್ಡ್ ಕೀಟನಾಶಕಗಳ ಪಾಠ ಮೊದಲ ಸಲ ಓದಿದಾಗ ನಾನು ತಪ್ಪು ತಿಳಿದುಕೊಂಡಿದ್ದೆ. ಬೆಕ್ಕು ಚಿಕ್ಕ ಪ್ರಾಣಿ, ನಾಯಿಯ ಔಷಧ ಹಾಕಿದರೆ ಡೋಸ್ ಜಾಸ್ತಿಯಾಗುತ್ತದೆ, ಅದಕ್ಕೇ ವಿಷವಾಗುತ್ತದೆ, ಅಷ್ಟೇ ಅಲ್ವಾ ಅಂದುಕೊಂಡಿದ್ದೆ. ಹಾಗಿದ್ದರೆ ತೂಕ ನೋಡಿ ಸ್ವಲ್ಪವೇ ಹಾಕಿದರೆ ಸರಿಹೋಗಬೇಕು. ಸರಿಹೋಗುವುದಿಲ್ಲ. ಪರೀಕ್ಷೆಗೆ ಓದುವ ನೀವೂ ಇಲ್ಲೇ ಎಡವಬಹುದು ಎಂದು ಇದನ್ನು ಬರೆಯುತ್ತಿದ್ದೇನೆ. ಇದು ನನಗೆ ಅರ್ಥವಾದದ್ದು ಬೇಲೂರಿನ ಹತ್ತಿರ ಇರುವ ದೊಡ್ಡಮ್ಮನ ಮನೆಯಲ್ಲಿ ನಡೆದ ಘಟನೆಯಿಂದ.

ದೊಡ್ಡಮ್ಮನ ಮನೆ ಕಾಫಿ ತೋಟದ ಅಂಚಿನಲ್ಲಿದೆ. ಮಳೆ ನಿಂತ ಮೇಲೆ ನಾಯಿ ರಾಜ ತೋಟ ಸುತ್ತಿ ಬಂದರೆ ಕಿವಿ ತುಂಬ ಉಣುಗು. ಅಂಗಡಿಯಿಂದ ತಂದ ಸ್ಪಾಟ್-ಆನ್ ಔಷಧವನ್ನು ಅವರು ಅವನ ಕತ್ತಿನ ಹಿಂದೆ ಹಾಕಿದರು. ಪಿಪೆಟ್‌ನಲ್ಲಿ ಕಾಲು ಭಾಗ ಉಳಿಯಿತು. ಸುಮ್ನೆ ಯಾಕೆ ಎಸೆಯುವುದು ಎಂದು ಉಳಿದದ್ದನ್ನು ಬೆಕ್ಕು ಚಿನ್ನುವಿನ ಬೆನ್ನಿಗೆ ಹಿಂಡಿದರು. ಅದಕ್ಕೂ ಚಿಗಟ ಇತ್ತು. ಆಗ ಬೆಳಗ್ಗೆ ಹತ್ತು ಗಂಟೆ.

ಸಂಜೆ ನಾಲ್ಕೂವರೆಗೆ ಫೋನ್ ಬಂತು. "ಪುಟ್ಟಿ, ಚಿನ್ನು ಕಿವಿ ಹಿಂಗೇ ಕುಣೀತಾ ಇದೆ ಕಣೇ. ಕಾಲು ಒದ್ದೆಯಾದ ಹಾಗೆ ಕೊಡವಿಕೊಳ್ತಾನೇ ಇದೆ. ಮುಟ್ಟಿದ್ರೆ ಬೆಚ್ಚಿ ಬೀಳುತ್ತೆ."

ಈ ಮೂರು ಮಾತನ್ನೂ ನೆನಪಿಡಿ. ಕಿವಿ ಮತ್ತು ಮುಖದ ಅದುರು, ಪಂಜ ಕೊಡವುವುದು, ಮುಟ್ಟಿದರೆ ಅಥವಾ ಸದ್ದಾದರೆ ಬೆಚ್ಚುವುದು. ಪರ್ಮೆಥ್ರಿನ್ ವಿಷ ಹೆಚ್ಚಾಗಿ ಹೀಗೇ ಶುರುವಾಗುತ್ತದೆ. ಆಮೇಲೆ ಮೈಯೆಲ್ಲ ನಡುಕ, ತೂರಾಡುವ ನಡಿಗೆ, ಜೊಲ್ಲು, ಅಗಲವಾದ ಕಣ್ಣಿನ ಪಾಪೆ, ಕೊನೆಗೆ ಸೆಳವು. ಬಹಳಷ್ಟು ಬೆಕ್ಕುಗಳಲ್ಲಿ ಕೆಲವೇ ಗಂಟೆಗಳಲ್ಲಿ ಲಕ್ಷಣ ಕಾಣುತ್ತದೆ. ಕೆಲವಕ್ಕೆ ಎರಡು ಮೂರು ದಿನ ತಡವಾಗಿಯೂ ಬರಬಹುದು. ಹಾಗಾಗಿ "ಹಾಕಿ ಆರು ಗಂಟೆ ಆಯ್ತು, ಏನೂ ಆಗಿಲ್ಲ" ಎಂದರೆ ಪಾರಾದ ಹಾಗಲ್ಲ.

ಈಗ ಲೆಕ್ಕ ಹಾಕೋಣ. ಆ ಪಿಪೆಟ್ 2.5 ಮಿಲಿಯದು, ಔಷಧದಲ್ಲಿ 50% ಪರ್ಮೆಥ್ರಿನ್. ಅಂದರೆ ಒಂದು ಮಿಲಿಯಲ್ಲಿ 500 ಮಿಲಿಗ್ರಾಂ. ಚಿನ್ನುವಿನ ಮೇಲೆ ಬಿದ್ದದ್ದು ಸುಮಾರು 0.6 ಮಿಲಿ, ಅಂದರೆ 300 ಮಿಲಿಗ್ರಾಂ. ಅದರ ತೂಕ 3 ಕೆಜಿ. ಕೆಜಿಗೆ 100 ಮಿಲಿಗ್ರಾಂ ಆಯ್ತು. ಬೆಕ್ಕಿನ ಚರ್ಮದ ಮೇಲೆ ಜೀವಕ್ಕೆ ಅಪಾಯ ಎಂದು ಪಠ್ಯಗಳು ಕೊಡುವ ಅಂಕಿಯೂ ಇದೇ. 4.5 ಕೆಜಿ ಬೆಕ್ಕಿಗೆ 45% ಔಷಧದ ಒಂದೇ ಒಂದು ಮಿಲಿ ಸಾಕು, ಅಷ್ಟು ತಲುಪಲು. ಕೆಲವು ಬೆಕ್ಕುಗಳು ಇದಕ್ಕಿಂತ ಕಡಿಮೆಯಲ್ಲೂ ನಡುಗುತ್ತವೆ.

ರಾಜನ ಕಡೆ ನೋಡಿ. ಅವನ ತೂಕ 20 ಕೆಜಿ. ಪೂರ್ತಿ ಪಿಪೆಟ್ ಹಾಕಿದ್ದರೂ ಕೆಜಿಗೆ 62 ಮಿಲಿಗ್ರಾಂ ಆಗುತ್ತಿತ್ತು, ಅವನು ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತಿದ್ದ. ದೊಡ್ಡಮ್ಮ ತುಂಬ ಜಾಗ್ರತೆಯಿಂದ ತೂಕಕ್ಕೆ ಸರಿಯಾಗಿ ಅಳೆದು ಚಿನ್ನುವಿಗೂ ಕೆಜಿಗೆ 62ರಂತೆ ಹಾಕಿದ್ದರು ಅಂದುಕೊಳ್ಳಿ. ಆಗಲೂ ಅದು ಬೆಕ್ಕಿಗೆ ಕ್ಷೇಮವಲ್ಲ. ನಾಯಿಯ ಡೋಸನ್ನು ತೂಕದಿಂದ ಭಾಗಿಸಿ ಬೆಕ್ಕಿನ ಡೋಸ್ ಮಾಡಲು ಬರುವುದಿಲ್ಲ. ವ್ಯತ್ಯಾಸ ಇರುವುದು ತೂಕದಲ್ಲಲ್ಲ, ಯಕೃತ್ತಿನಲ್ಲಿ.

ಯಕೃತ್ತಿನಲ್ಲಿ ಏನು ಕೊರತೆ?

ಪರ್ಮೆಥ್ರಿನ್ ಸೇವಂತಿಗೆಯ ಸಂಬಂಧಿಯೊಂದರ ಹೂವಿನಲ್ಲಿ ಸಿಗುವ ಪೈರೆಥ್ರಿನ್‌ಗಳನ್ನು ಹೋಲುವಂತೆ ಮನುಷ್ಯರು ತಯಾರಿಸಿದ್ದು. ನರದ ಮೇಲಿರುವ ಸೋಡಿಯಂ ಚಾನೆಲ್ ಎಂಬ ಬಾಗಿಲು ತೆರೆದು ತಕ್ಷಣ ಮುಚ್ಚಬೇಕು. ಪರ್ಮೆಥ್ರಿನ್ ಅಂಟಿಕೊಂಡರೆ ಬಾಗಿಲು ಬೇಗ ಮುಚ್ಚುವುದಿಲ್ಲ. ಒಂದು ಸಂದೇಶ ಹೋಗಬೇಕಾದ ಕಡೆ ಸಾಲುಸಾಲಾಗಿ ಹೋಗುತ್ತಲೇ ಇರುತ್ತವೆ. ಉಣುಗಿನಲ್ಲಿ ಅದರಿಂದ ಲಕ್ವ ಮತ್ತು ಸಾವು. ಬೆಕ್ಕಿನಲ್ಲಿ ಕಿವಿಯ ಕುಣಿತ.

ನಾಯಿಯ ನರದಲ್ಲೂ ಇದೇ ಬಾಗಿಲುಗಳಿವೆ. ಆದರೆ ಅದರ ದೇಹ ಔಷಧ ನರಕ್ಕೆ ಹೆಚ್ಚು ತಲುಪುವ ಮೊದಲೇ ಒಡೆದು ಹಾಕುತ್ತದೆ. ಮೊದಲು ಅಣು ತುಂಡಾಗುತ್ತದೆ, ಆಮೇಲೆ ಯಕೃತ್ತು ಆ ತುಂಡುಗಳಿಗೆ ಗ್ಲುಕುರೋನಿಕ್ ಆಮ್ಲ ಜೋಡಿಸುತ್ತದೆ. ಜೋಡಿಸಿದ ಮೇಲೆ ಅದು ನೀರಿನಲ್ಲಿ ಕರಗುತ್ತದೆ, ಮೂತ್ರದಲ್ಲಿ ಹೋಗುತ್ತದೆ. ಈ ಜೋಡಣೆಗೆ ಬೇಕಾದ ಕಿಣ್ವಗಳಲ್ಲಿ ಒಂದರ ಜೀನ್ ಬೆಕ್ಕುಗಳಲ್ಲಿ ಕೆಟ್ಟುಹೋಗಿದೆ. ಜೀನ್ ಇದೆ, ಕೆಲಸ ಮಾಡುವುದಿಲ್ಲ. ಬೆಕ್ಕಿನ ಇಡೀ ಕುಟುಂಬದಲ್ಲೇ ಹೀಗೆ, ಚಿರತೆಗೂ ಹುಲಿಗೂ ಸೇರಿ. ಪ್ಯಾರಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲುವುದಕ್ಕೂ ಇದೇ ಕೊರತೆ ಕಾರಣ. ಎರಡು ಪ್ರಶ್ನೆಗೆ ಒಂದೇ ಬೇರು ಎಂದು ಗೊತ್ತಾದಾಗ ನನಗೆ ಬಹಳ ಖುಷಿಯಾಗಿತ್ತು.

ಇನ್ನೊಂದು ಸಂಗತಿ ಸೇರಿಸಿಕೊಳ್ಳಿ. ಬೆಕ್ಕು ದಿನಕ್ಕೆ ಎಷ್ಟೋ ಸಲ ಮೈ ನೆಕ್ಕಿಕೊಳ್ಳುತ್ತದೆ. ಚರ್ಮದಿಂದ ಒಳಗೆ ಹೋಗುವುದರ ಜೊತೆಗೆ ಬಾಯಿಂದಲೂ ಹೋಗುತ್ತದೆ.

ಆ ಸಂಜೆ ಮಾಡಿದ್ದು

ದೊಡ್ಡಮ್ಮನಿಗೆ ಫೋನಿನಲ್ಲೇ ಹೇಳಿದೆ, "ಪಾತ್ರೆ ತೊಳೆಯುವ ಲಿಕ್ವಿಡ್ ಸೋಪು ತಗೊಳ್ಳಿ. ನೀರು ಉಗುರುಬೆಚ್ಚಗಿರಲಿ, ಹಂಡೆಯ ಬಿಸಿ ನೀರು ಬೇಡ." ಪರ್ಮೆಥ್ರಿನ್ ಎಣ್ಣೆಯಂಥದ್ದು. ಬರೀ ನೀರಿಗೆ ಬರುವುದಿಲ್ಲ, ಜಿಡ್ಡು ಬಿಡಿಸುವ ಸೋಪು ಬೇಕು. ಬಿಸಿ ನೀರು ಹಾಕಿದರೆ ಚರ್ಮದ ರಕ್ತನಾಳಗಳು ಹಿಗ್ಗಿ ಔಷಧ ಇನ್ನೂ ಬೇಗ ಒಳಗೆ ಹೋಗುತ್ತದೆ. ತಣ್ಣೀರೂ ಕೂಡದು. ಮೈ ತಣ್ಣಗಾದಷ್ಟೂ ಪರ್ಮೆಥ್ರಿನ್ ಆ ಸೋಡಿಯಂ ಬಾಗಿಲನ್ನು ಗಟ್ಟಿಯಾಗಿ ಹಿಡಿಯುತ್ತದೆ, ನಡುಕ ಜಾಸ್ತಿಯಾಗುತ್ತದೆ. ಕೈಗವಸು ಹಾಕಿಕೊಂಡು ಎರಡು ಸಲ ತೊಳೆದು, ಟವೆಲಿನಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಸುತ್ತಿದರು.

ಇಲ್ಲಿ ಒಂದು ಅಪಾಯ ಸ್ವಲ್ಪದರಲ್ಲಿ ತಪ್ಪಿತು. ಅವರು ಮೊದಲು ಕೈಗೆತ್ತಿಕೊಂಡಿದ್ದು ರಾಜನ ಶಾಂಪೂ. ಅದರ ಮೇಲೆ ಏನು ಬರೆದಿದೆ ಓದಿ ಎಂದೆ. ಅದು ಉಣುಗಿನ ಶಾಂಪೂ, ಅದರಲ್ಲೂ ಪರ್ಮೆಥ್ರಿನ್ ಇತ್ತು. ತೊಳೆಯುವ ನೆಪದಲ್ಲಿ ವಿಷ ಇಮ್ಮಡಿಯಾಗುತ್ತಿತ್ತು. ಇದನ್ನು ನೀವು ಯಾರಿಗಾದರೂ ಹೇಳುವಾಗ "ಶಾಂಪೂ ಹಾಕಿ" ಎನ್ನಬೇಡಿ, "ಪಾತ್ರೆ ಸೋಪು" ಎಂದೇ ಹೇಳಿ.

ಹಾಲು ಕುಡಿಸಲಾ ಎಂದು ಕೇಳಿದರು. ಬೇಡವೆಂದೆ. ನಡುಗುತ್ತಿರುವ ಬೆಕ್ಕಿಗೆ ನುಂಗಲು ಸರಿಯಾಗಿ ಬರುವುದಿಲ್ಲ, ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ವಾಂತಿ ಮಾಡಿಸುವುದೂ ಇದೇ ಕಾರಣಕ್ಕೆ ಬೇಡ. ಆಗಲೇ ಸೆಳವು ಬರುತ್ತಿದ್ದರೆ ಸ್ನಾನಕ್ಕೂ ನಿಲ್ಲಬಾರದು, ನೇರ ವೈದ್ಯರ ಹತ್ತಿರ ಹೋಗಬೇಕು. ಸೆಳವು ಹಿಡಿತಕ್ಕೆ ಬಂದ ಮೇಲೆ ಅಲ್ಲಿಯೇ ತೊಳೆಯುತ್ತಾರೆ.

ಖಾಲಿ ಪಿಪೆಟ್ ಮತ್ತು ಡಬ್ಬ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಅಣ್ಣನ ಕಾರಿನಲ್ಲಿ ಹಾಸನಕ್ಕೆ ಬಂದರು. ಡಬ್ಬ ತಂದದ್ದು ಬಹಳ ಉಪಯೋಗವಾಯಿತು. ನಮ್ಮ ಕಡೆ ಆಲೂಗಡ್ಡೆ ಹೊಲಕ್ಕೂ ತೋಟಕ್ಕೂ ಆರ್ಗನೋಫಾಸ್ಫೇಟ್ ಎಂಬ ಬೇರೆ ಬಗೆಯ ಕೀಟನಾಶಕ ಹೊಡೆಯುತ್ತಾರೆ. ಅದರ ವಿಷದಲ್ಲೂ ಜೊಲ್ಲು, ನಡುಕ ಇರುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಭೇದಿ ಆಗುತ್ತದೆ, ಅಟ್ರೋಪಿನ್ ಕೆಲಸ ಮಾಡುತ್ತದೆ. ಪರ್ಮೆಥ್ರಿನ್‌ಗೆ ಅಟ್ರೋಪಿನ್ ಮದ್ದಲ್ಲ. ನಿಜ ಹೇಳಬೇಕೆಂದರೆ ಪರ್ಮೆಥ್ರಿನ್‌ಗೆ ಪ್ರತಿವಿಷವೇ ಇಲ್ಲ. ದೇಹ ನಿಧಾನವಾಗಿ ಅದನ್ನು ಹೊರಹಾಕುವವರೆಗೆ ಬೆಕ್ಕನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆ.

ಆಸ್ಪತ್ರೆ ತಲುಪಿದಾಗ ಚಿನ್ನುವಿನ ಜ್ವರ 40.6 ಡಿಗ್ರಿ ಸೆಲ್ಸಿಯಸ್. ಸೋಂಕಿನ ಜ್ವರವಲ್ಲ ಅದು. ಸ್ನಾಯು ಬಿಡದೆ ಅದುರಿದರೆ ಮೈ ಕಾಯುತ್ತದೆ. ಹಾಗಾಗಿ ಜ್ವರದ ಔಷಧ ಕೊಡುವುದಿಲ್ಲ, ನಡುಕ ನಿಲ್ಲಿಸುತ್ತಾರೆ. ಅದಕ್ಕೆ ಮೊದಲ ಆಯ್ಕೆ ಮೀಥೋಕಾರ್ಬಮಾಲ್, ಸ್ನಾಯು ಸಡಿಲಿಸುವ ಔಷಧ. ವೈದ್ಯರು ಕೆಜಿಗೆ 50 ಮಿಲಿಗ್ರಾಂನಂತೆ 150 ಮಿಲಿಗ್ರಾಂ ಲೆಕ್ಕ ಹಾಕಿ, ರಕ್ತನಾಳಕ್ಕೆ ನಿಧಾನವಾಗಿ, ನಡುಕ ನೋಡಿಕೊಳ್ಳುತ್ತಾ ಕೊಟ್ಟರು. ಬೇಕಾದರೆ ಮತ್ತೆ ಕೊಡಬಹುದು, ಆದರೆ ದಿನಕ್ಕೆ ಕೆಜಿಗೆ 330 ಮಿಲಿಗ್ರಾಂ ದಾಟಬಾರದು. ಡಯಾಜೆಪಾಮ್ ಸೆಳವಿಗೆ ಬೇಕಾಗುತ್ತದೆ, ಆದರೆ ಈ ನಡುಕಕ್ಕೆ ಅದೊಂದೇ ಸಾಕಾಗದಿರುವುದೇ ಹೆಚ್ಚು. ಪರೀಕ್ಷೆಯಲ್ಲಿ ಇದನ್ನು ಅದಲುಬದಲು ಬರೆಯಬೇಡಿ. ತೀವ್ರವಾದ ಕೇಸಿನಲ್ಲಿ 20% ಕೊಬ್ಬಿನ ಎಮಲ್ಷನ್ ಡ್ರಿಪ್ ಕೂಡ ಕೊಡುತ್ತಾರೆ, ಕೊಬ್ಬಿಗೆ ಅಂಟುವ ವಿಷವನ್ನು ರಕ್ತದಲ್ಲೇ ಹಿಡಿದುಕೊಳ್ಳಲಿ ಎಂದು. ಚಿನ್ನುವಿಗೆ ಅದು ಬೇಕಾಗಲಿಲ್ಲ.

ಮೈ ತಂಪು ಮಾಡುವುದನ್ನೂ ನೋಡಿ ಕಲಿತೆ. ಫ್ಯಾನ್ ಹಾಕಿ, ಒದ್ದೆ ಬಟ್ಟೆ ಇಟ್ಟು, 39.5ಕ್ಕೆ ಇಳಿದ ಕೂಡಲೇ ಎರಡನ್ನೂ ತೆಗೆದರು. ನಡುಕ ನಿಂತ ಬೆಕ್ಕಿನ ಮೈ ಬೇಗ ತಣ್ಣಗಾಗುತ್ತದೆ, ತಣ್ಣಗಾದರೆ ನಡುಕ ಮತ್ತೆ ಏಳುತ್ತದೆ. ರಾತ್ರಿ ಕತ್ತಲೆ ಕೋಣೆ, ಸದ್ದಿಲ್ಲ, ಡ್ರಿಪ್. ಮೂರು ಸಲ ಮೀಥೋಕಾರ್ಬಮಾಲ್ ಕೊಡಬೇಕಾಯಿತು. ಎರಡನೇ ದಿನ ಸಂಜೆ ಕಿವಿ ಮಾತ್ರ ಆಗಾಗ ಅದುರುತ್ತಿತ್ತು. ಮೂರನೇ ದಿನ ಬೆಳಗ್ಗೆ ಮೀನು ತಿಂದಿತು.

ಮನೆಗೆ ಕಳಿಸುವ ಮೊದಲು ವೈದ್ಯರು ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ: "ನಾಯಿ, ಬೆಕ್ಕು ಒಟ್ಟಿಗೆ ಮಲಗ್ತಾವಾ?" ಮಲಗುತ್ತವೆ, ಒಲೆಯ ಪಕ್ಕ ಒಂದೇ ಗೋಣಿಚೀಲದ ಮೇಲೆ. ಬೆಕ್ಕಿಗೆ ಒಂದು ಹನಿ ಹಾಕದಿದ್ದರೂ, ಔಷಧ ಹಾಕಿದ ನಾಯಿಯ ಬೆನ್ನು ನೆಕ್ಕಿ ಅಥವಾ ಅದಕ್ಕೆ ಒರಗಿ ಮಲಗಿ ವಿಷವಾದ ಬೆಕ್ಕುಗಳಿವೆ. ಹಾಗಾಗಿ ಚಿನ್ನು ಇನ್ನೆರಡು ದಿನ ನಮ್ಮ ಮನೆಯಲ್ಲೇ ಇತ್ತು. ಆ ಗೋಣಿಚೀಲವನ್ನು ದೊಡ್ಡಮ್ಮ ಎಸೆದರು. ಈಗ ರಾಜನಿಗೆ ಬೇರೆ ಔಷಧ. ಅದನ್ನು ಕೊಳ್ಳುವಾಗ ನಾನೂ ಜೊತೆಗಿದ್ದೆ. ಅಂಗಡಿಯಲ್ಲಿ ಫಿಪ್ರೊನಿಲ್ ಎಂಬ ಇನ್ನೊಂದು ಉಣುಗಿನ ಔಷಧದ ಹೆಸರನ್ನು ದೊಡ್ಡದಾಗಿ ಬರೆದ ಎರಡು ಡಬ್ಬಗಳಿದ್ದವು, ಬಣ್ಣವೂ ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಫಿಪ್ರೊನಿಲ್ ಮಾತ್ರ. ಇನ್ನೊಂದರ ಹಿಂಭಾಗದಲ್ಲಿ, ಚಿಕ್ಕ ಅಕ್ಷರದಲ್ಲಿ, ಜೊತೆಗೆ ಪರ್ಮೆಥ್ರಿನ್.