ಐಪಿ ವಿಳಾಸದಿಂದ ಮನೆ ಬಾಗಿಲು ಏಕೆ ಸಿಗುವುದಿಲ್ಲ

ಶಿರಾದಲ್ಲಿ ಕುಳಿತು ಮೊಬೈಲ್ ಡೇಟಾ ಬಳಸುವವರನ್ನು ಜಾಲತಾಣಗಳು ಅವರ ಐಪಿ ವಿಳಾಸ, ಅಂದರೆ ಇಂಟರ್ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ನೋಡಿ ಬೆಂಗಳೂರಿನವರೆಂದೋ ಚೆನ್ನೈನವರೆಂದೋ ಗುರುತಿಸುವುದುಂಟು. ಅವರ ದತ್ತಾಂಶ ದೊಡ್ಡ ನಗರವೊಂದರಲ್ಲಿರುವ ಮೊಬೈಲ್ ಕಂಪನಿಯ ಗೇಟ್‌ವೇ ಎಂಬ ಹೆಬ್ಬಾಗಿಲು ದಾಟಿ ಇಂಟರ್ನೆಟ್ ಸೇರಿದರೆ, ಹೊರಗಿನವರ ಊಹೆಯೂ ಆ ನಗರಕ್ಕೇ ಬಂದು ನಿಲ್ಲುತ್ತದೆ.

ಇದರ ಮೂಲ ಈ ಸಂಖ್ಯೆಗಳನ್ನು ಹಂಚುವ ಕ್ರಮದಲ್ಲಿದೆ. ಏಷ್ಯಾ–ಪೆಸಿಫಿಕ್ ವಲಯಕ್ಕೆ ಎಪಿನಿಕ್ ಮತ್ತು ಭಾರತದ ಮಟ್ಟಿಗೆ ಐರಿನ್ ಎಂಬ ನೋಂದಣಿ ಸಂಸ್ಥೆಗಳು ವಿಳಾಸಗಳನ್ನು ಕಂಪನಿಗಳಿಗೆ ಕಟ್ಟುಗಟ್ಟಲೆ ಕೊಡುತ್ತವೆ. ಅವುಗಳ ದಾಖಲೆಯಲ್ಲಿರುವುದು ಕಂಪನಿಯ ಹೆಸರು, ದೇಶ ಮತ್ತು ಅದರ ಕಚೇರಿಯ ವಿಳಾಸವೇ ಹೊರತು ಗ್ರಾಹಕರ ಬೀದಿಯಲ್ಲ. ಉಳಿದದ್ದನ್ನು ಮ್ಯಾಕ್ಸ್‌ಮೈಂಡ್‌ನಂಥ ಖಾಸಗಿ ಕಂಪನಿಗಳು ನೋಂದಣಿ ದಾಖಲೆ ಮತ್ತಿತರ ಸುಳಿವುಗಳಿಂದ ಅಂದಾಜು ಮಾಡಿ ಪಟ್ಟಿಗೆ ಸೇರಿಸುತ್ತವೆ. ಈ ಅಂದಾಜು ದೇಶದ ವಿಷಯದಲ್ಲಿ ಬಹುತೇಕ ಸರಿಯಿರುತ್ತದೆ. ಊರಿನ ವಿಷಯದಲ್ಲಿ ಹಾಗೆ ಹೇಳಲಾಗದು.

ಅಂದಾಜನ್ನು ನಿಖರ ಸ್ಥಳವೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ತೋಟದ ಮನೆ ಸಾಕ್ಷಿ. ‘ಅಮೆರಿಕದಲ್ಲಿದೆ’ ಎಂಬುದಕ್ಕಿಂತ ಹೆಚ್ಚೇನೂ ತಿಳಿಯದ ವಿಳಾಸಗಳಿಗೆ ಮ್ಯಾಕ್ಸ್‌ಮೈಂಡ್ ದೇಶದ ನಡುಭಾಗದ ಒಂದು ಬಿಂದುವನ್ನು ಕೊಡಲು ನಿರ್ಧರಿಸಿ, ಅಂಕಿಗಳು ಸರಳವಾಗಿರಲೆಂದು 38 ಡಿಗ್ರಿ ಉತ್ತರ, 97 ಡಿಗ್ರಿ ಪಶ್ಚಿಮ ಎಂದು ನಮೂದಿಸಿತು. ಆ ಬಿಂದು ಪಾಟ್ವಿನ್ ಊರಿನ ಬಳಿಯ ಒಂದು ಕುಟುಂಬದ ಜಮೀನಿನಲ್ಲಿತ್ತು. 60 ಕೋಟಿಗೂ ಹೆಚ್ಚು ಐಪಿ ವಿಳಾಸಗಳು ಅಲ್ಲಿಗೇ ಬೊಟ್ಟು ಮಾಡಿದವು. ಕಳುವಾದ ಫೋನ್ ಹುಡುಕುವವರು, ವಂಚನೆಯ ಬೆನ್ನು ಹತ್ತಿದವರು, ಪೊಲೀಸರು ಎಲ್ಲರೂ ವರ್ಷಗಟ್ಟಲೆ ಏನೂ ಅರಿಯದ ಆ ಮನೆಯ ಬಾಗಿಲು ತಟ್ಟಿದರು. 2016ರಲ್ಲಿ ಪತ್ರಿಕಾ ವರದಿಯಿಂದ ಕಾರಣ ಬಯಲಾದ ಮೇಲೆ ಕಂಪನಿ ಆ ಬಿಂದುವನ್ನು ಒಂದು ಜಲಾಶಯದ ನಡುವಿಗೆ ಸರಿಸಿತು. ಅಕ್ಷಾಂಶ ರೇಖಾಂಶಗಳ ಜೊತೆ ‘ಇಷ್ಟು ಕಿಲೋಮೀಟರ್ ಸುತ್ತಳತೆಯಲ್ಲಿ ಎಲ್ಲಾದರೂ’ ಎಂಬ ಮಿತಿಯನ್ನೂ ನಕ್ಷೆ ತೋರಿಸಿದ್ದರೆ ಈ ಸಂಕಟ ಬಹುಮಟ್ಟಿಗೆ ತಪ್ಪುತ್ತಿತ್ತೆಂಬುದು ನನ್ನ ಅಭಿಪ್ರಾಯ.

ಐಪಿವಿ4 ಎಂಬ ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರ. 2011ರ ಏಪ್ರಿಲ್‌ನಲ್ಲಿ ಎಪಿನಿಕ್‌ನ ಸಾಮಾನ್ಯ ದಾಸ್ತಾನು ಮುಗಿದ ನಂತರ ಒಂದೇ ವಿಳಾಸವನ್ನು ನೂರಾರು ಗ್ರಾಹಕರು ಹಂಚಿಕೊಳ್ಳುವುದು ಮಾಮೂಲಾಯಿತು. ಅಂಥ ವಿಳಾಸವೊಂದು ಒಂದೇ ಕ್ಷಣದಲ್ಲಿ ಮಧುಗಿರಿಯ ಅಂಗಡಿಗೂ ಪಾವಗಡದ ಮನೆಗೂ ಸೇರಿರಬಹುದು.

ಇವರಲ್ಲಿ ಯಾರು ಯಾರೆಂಬ ದಾಖಲೆ ಇರುವುದು ಸೇವೆ ಕೊಡುವ ಕಂಪನಿಯ ಬಳಿ ಮಾತ್ರ. ಅದನ್ನು ಪೊಲೀಸರು ಕಾನೂನುಬದ್ಧವಾಗಿ ಕೇಳಿ ಪಡೆಯಬೇಕು. ಆಗಲೂ ಐಪಿ ವಿಳಾಸವೊಂದೇ ಸಾಲದು, ಸೆಕೆಂಡಿನವರೆಗಿನ ಸಮಯ ಮತ್ತು ಒಂದೇ ವಿಳಾಸ ಹಂಚಿಕೊಂಡವರ ಸಂಪರ್ಕಗಳನ್ನು ಬೇರ್ಪಡಿಸುವ ಪೋರ್ಟ್ ಸಂಖ್ಯೆಯೂ ಬೇಕು. ವಿದೇಶಿ ಸರ್ವರ್ ಯುಟಿಸಿ ಎಂಬ ಜಾಗತಿಕ ಪ್ರಮಾಣಿತ ಕಾಲಮಾನದಲ್ಲಿ ಬರೆದಿಟ್ಟ ಸಮಯವನ್ನು ಭಾರತೀಯ ಸಮಯವೆಂದು ಓದಿಕೊಂಡರೆ ಐದೂವರೆ ಗಂಟೆಯ ವ್ಯತ್ಯಾಸವಾಗಿ ಬೇರೆಯವರ ಹೆಸರು ಬರಬಹುದು. ಎಲ್ಲವೂ ಸರಿಯಿದ್ದರೂ ಸಿಗುವುದು ಸಂಪರ್ಕ ಪಡೆದವರ ಹೆಸರು. ಆ ಹೊತ್ತಿನಲ್ಲಿ ಅವರ ವೈಫೈ ಬಳಸುತ್ತಿದ್ದವರು ಯಾರೆಂಬುದನ್ನು ಬೇರೆ ಸಾಕ್ಷ್ಯಗಳಿಂದಲೇ ಪತ್ತೆಹಚ್ಚಬೇಕಾಗುತ್ತದೆ.